ಪ್ರಿಲ್ ಮಾತ್ರೆ ಮತ್ತು ಎಳನೀರು: ಬಿಪಿ ಮಾತ್ರೆ ನುಂಗುವವರು ಲೋಟದಲ್ಲಿರುವ ಪೊಟ್ಯಾಷಿಯಂ ಲೆಕ್ಕ ಹಾಕುವುದು ಹೇಗೆ

ಕರಿಮೆಣಸು ಕೊಯ್ಲಿನ ಕೊನೆಯ ದಿನಗಳವು. ದೊಡ್ಡಪ್ಪ ನಮ್ಮ ಲ್ಯಾಬಿಗೆ ಬಂದು ಕುರ್ಚಿಯಲ್ಲಿ ಕುಳಿತು ತೋಳು ಚಾಚಿದರು. ಒಂಟಿ ಬಿದಿರಿನ ಏಣಿ ಹತ್ತಿ ಮೆಣಸು ಕೊಯ್ಯುವವರ ಜೊತೆ ಅರವತ್ತೆಂಟರ ಪ್ರಾಯದಲ್ಲೂ ತೋಟದಲ್ಲಿ ನಿಲ್ಲುವ ಮನುಷ್ಯ ಅವರು. "ನಾಲ್ಕು ದಿನದಿಂದ ಕಾಲು ನನ್ನದೇ ಅಲ್ಲ ಅನ್ನಿಸ್ತದೆ ಮಾರಾಯ. ಮನೆಯ ಮೆಟ್ಟಿಲು ಹತ್ತುವಾಗ ತೊಡೆ ಎತ್ತೋಕಾಗೋದಿಲ್ಲ. ಸೆಕೆ ಜಾಸ್ತಿ ಅಲ್ವಾ, ಅದಕ್ಕೇ ಇರಬೇಕು. ದಿನಾ ಎರಡು ಎಳನೀರು ಕುಡೀತಾ ಇದ್ದೇನೆ" ಅಂದರು. ಬಿಪಿಗೆ ಅವರು ಎನಲಾಪ್ರಿಲ್ ತೆಗೆದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಸಕ್ಕರೆ ಕಾಯಿಲೆಯೂ ಇದೆ. ವೈದ್ಯರು ಬರೆದ ಚೀಟಿಯಲ್ಲಿ ಸಕ್ಕರೆ ಪರೀಕ್ಷೆ ಮಾತ್ರ ಇತ್ತು. ನಾನು ವೈದ್ಯರಿಗೆ ಫೋನ್ ಮಾಡಿ ಕೇಳಿ, ಕಿಡ್ನಿ ಹೇಗೆ ದುಡಿಯುತ್ತಿದೆ ಎಂದು ತಿಳಿಸುವ ಕ್ರಿಯೇಟಿನಿನ್ ಮತ್ತು ಪೊಟ್ಯಾಷಿಯಂ ಕೂಡ ಸೇರಿಸಿದೆ. ಪೊಟ್ಯಾಷಿಯಂ 6.3 ಬಂತು. ಇರಬೇಕಾದದ್ದು 3.5ರಿಂದ 5ರೊಳಗೆ.

ರಕ್ತ ತೆಗೆಯುವುದು, ಅಂಕಿ ಬರೆದುಕೊಡುವುದು ನನ್ನ ಕೆಲಸ. ಚಿಕಿತ್ಸೆ ವೈದ್ಯರದು. ಆದರೆ ಈ ಒಂದು ಅಂಕಿಯ ವಿಷಯದಲ್ಲಿ ಮನೆಯಲ್ಲೇ ಮಾಡಬೇಕಾದ ಕೆಲಸ ಬಹಳ ಇದೆ. ಆ ಕೆಲಸವನ್ನು ಯಾರೂ ಕ್ರಮವಾಗಿ ಹೇಳಿಕೊಡುವುದಿಲ್ಲ. ದೊಡ್ಡಪ್ಪನ ಮನೆಯಲ್ಲಿ ಕುಳಿತು ನಾವು ಒಂದೊಂದಾಗಿ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಇದನ್ನು ಓದಿ ಯಾರೂ ಬಿಪಿ ಮಾತ್ರೆ ನಿಲ್ಲಿಸಬೇಡಿ. ಹೃದಯಕ್ಕೂ ಸಕ್ಕರೆ ಕಾಯಿಲೆಯವರ ಕಿಡ್ನಿಗೂ ಈ ಮಾತ್ರೆ ಮಾಡುವ ಉಪಕಾರ ದೊಡ್ಡದು. ಕಿಡ್ನಿ ಚೆನ್ನಾಗಿದ್ದು ಈ ಒಂದೇ ಮಾತ್ರೆ ತೆಗೆದುಕೊಳ್ಳುವವರು ಆಗೊಮ್ಮೆ ಈಗೊಮ್ಮೆ ಎಳನೀರು ಕುಡಿದರೆ ಏನೂ ಆಗುವುದಿಲ್ಲ. ತೊಂದರೆ ಬರುವುದು ಎರಡು ಮೂರು ಸಂಗತಿಗಳು ಒಂದರ ಮೇಲೊಂದು ಕೂಡಿಬಿದ್ದಾಗ.

ಹಂತ 1: ಮಾತ್ರೆಯ ಹಾಳೆ ತಿರುಗಿಸಿ ಹೆಸರು ಓದಿ

ಕಂಪನಿ ಇಟ್ಟ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ, ಅದು ಬೇಡ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧಿಯ ನಿಜ ಹೆಸರು ಇರುತ್ತದೆ. ಅದು 'ಪ್ರಿಲ್' ಎಂದು ಮುಗಿದರೆ ಅದೇ ಬಿಪಿ ಏರಿಸುವ ಎಸಿಇ ಎಂಬ ಕಿಣ್ವವನ್ನು ತಡೆಯುವ ಗುಂಪಿನ ಮಾತ್ರೆ: ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್, ಪೆರಿಂಡೊಪ್ರಿಲ್. 'ಸಾರ್ಟಾನ್' ಎಂದು ಮುಗಿಯುವ ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಬೇರೆ ಗುಂಪು. ಆದರೆ ಪೊಟ್ಯಾಷಿಯಂ ವಿಷಯದಲ್ಲಿ ಅವೂ ಹಾಗೇ ನಡೆದುಕೊಳ್ಳುತ್ತವೆ, ಆದ್ದರಿಂದ ಇಲ್ಲಿ ಹೇಳುವುದೆಲ್ಲ ಅವನ್ನು ನುಂಗುವವರಿಗೂ ಸಲ್ಲುತ್ತದೆ. ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಬೆರೆತಿರುವುದೂ ಉಂಟು. ಎರಡೂ ಹೆಸರು ಓದಿ.

ನಮ್ಮ ತೋಟಗಳಲ್ಲಿ ಗುಳಿಮಂಡಲ ಹಾವು ಕಾಣದವರಿಲ್ಲ. ಬ್ರೆಜಿಲ್ ದೇಶದಲ್ಲಿ ಅದೇ ಬಳಗದ ಒಂದು ಹಾವಿದೆ. ಅದು ಕಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ. ಅದರ ವಿಷದಲ್ಲಿದ್ದ ಅಂಶದ ಜಾಡು ಹಿಡಿದು ಮಾಡಿದ ಕ್ಯಾಪ್ಟೊಪ್ರಿಲ್‌ಗೆ 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂದಿನ ಪ್ರಿಲ್‌ಗಳೆಲ್ಲ ಅದರ ನಂತರ ಬಂದವು.

ಈ ಮಾತ್ರೆ ಪೊಟ್ಯಾಷಿಯಂ ಏರಿಸುವುದು ಹೀಗೆ. ಕಿಡ್ನಿಯ ಮೇಲೆ ಟೊಪ್ಪಿಯಂತೆ ಕುಳಿತಿರುವ ಗ್ರಂಥಿಯಿಂದ ಆಲ್ಡೊಸ್ಟಿರಾನ್ ಎಂಬ ಹಾರ್ಮೋನ್ ಬರುತ್ತದೆ. ಉಪ್ಪನ್ನು ಉಳಿಸಿಕೊ, ಪೊಟ್ಯಾಷಿಯಂ ಅನ್ನು ಮೂತ್ರಕ್ಕೆ ಬಿಡು ಎಂದು ಕಿಡ್ನಿಗೆ ಹೇಳುವುದು ಅದೇ. ಪ್ರಿಲ್ ಮಾತ್ರೆ ಆ ಹಾರ್ಮೋನನ್ನು ಕಡಿಮೆ ಮಾಡುತ್ತದೆ. ಉಪ್ಪು ಹೊರಗೆ ಹೋಗುತ್ತದೆ, ಬಿಪಿ ಇಳಿಯುತ್ತದೆ. ಅದರ ಜೊತೆಗೇ ಪೊಟ್ಯಾಷಿಯಂ ಹೊರಹೋಗುವ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ. ಇದು ಮಾತ್ರೆಯ ದೋಷವಲ್ಲ. ಬಿಪಿ ಇಳಿಸುವ ಕೆಲಸ ಯಾವ ದಾರಿಯಲ್ಲಿ ನಡೆಯುತ್ತದೋ ಪೊಟ್ಯಾಷಿಯಂ ಏರುವುದೂ ಅದೇ ದಾರಿಯಲ್ಲಿ.

ಹಂತ 2: ನಿಮ್ಮ ಎರಡು ಅಂಕಿಗಳನ್ನು ಹುಡುಕಿ ಬರೆದಿಡಿ

ಹಳೆಯ ರಿಪೋರ್ಟುಗಳನ್ನು ತೆಗೆದು ಎರಡು ಸಾಲು ಹುಡುಕಿ. ಒಂದು ಪೊಟ್ಯಾಷಿಯಂ, ಇನ್ನೊಂದು ಕ್ರಿಯೇಟಿನಿನ್. ಸಾಮಾನ್ಯವಾಗಿ ಮಾಡಿಸುವ ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆಯಲ್ಲಿ ಪೊಟ್ಯಾಷಿಯಂ ಇರುವುದಿಲ್ಲ. ವರ್ಷಗಟ್ಟಲೆ ಪ್ರಿಲ್ ನುಂಗುತ್ತಿದ್ದೂ ಒಮ್ಮೆಯೂ ಅದನ್ನು ನೋಡಿಸದವರು ವಾರಕ್ಕೊಬ್ಬರಾದರೂ ನನ್ನ ಮುಂದೆ ಕೂರುತ್ತಾರೆ. ಮಾತ್ರೆ ಶುರುಮಾಡುವ ಮೊದಲು ಒಮ್ಮೆ, ಶುರುವಾದ ಮೇಲೆ ಒಂದೆರಡು ವಾರದಲ್ಲಿ ಇನ್ನೊಮ್ಮೆ, ಡೋಸ್ ಹೆಚ್ಚಿಸಿದಾಗಲೆಲ್ಲ ಮತ್ತೊಮ್ಮೆ ಈ ಎರಡೂ ನೋಡಬೇಕು. ಎಲ್ಲ ಸರಿಯಿದ್ದರೂ ವರ್ಷಕ್ಕೊಮ್ಮೆ ತಪ್ಪಿಸಬಾರದು. ಕಿಡ್ನಿ ಸೊರಗಿದವರಿಗೆ ವೈದ್ಯರು ಇನ್ನೂ ಬೇಗ ಬೇಗ ಹೇಳುತ್ತಾರೆ.

ಕ್ರಿಯೇಟಿನಿನ್ ಅಂಕಿ ಒಂದೇ ನೋಡಿದರೆ ಮೋಸವಾಗುತ್ತದೆ. ದೊಡ್ಡಪ್ಪನದು ಹಿಂದಿನ ವರ್ಷ 1.5 ಇತ್ತು. 'ಸ್ವಲ್ಪ ಜಾಸ್ತಿ ಅಷ್ಟೇ' ಎಂದು ಮನೆಯವರು ಬಿಟ್ಟಿದ್ದರು. ಅವರ ವಯಸ್ಸು ಸೇರಿಸಿ ಲೆಕ್ಕ ಹಾಕಿದರೆ ಕಿಡ್ನಿ ಸೋಸುವ ವೇಗ ಸುಮಾರು 50. ಆರೋಗ್ಯವಂತ ತರುಣರಲ್ಲಿ ಅದು ನೂರರ ಆಸುಪಾಸು ಇರುತ್ತದೆ. ಅಂದರೆ ಅವರ ಕಿಡ್ನಿ ಹೆಚ್ಚುಕಡಿಮೆ ಅರ್ಧದಷ್ಟೇ ದುಡಿಯುತ್ತಿತ್ತು. ರಿಪೋರ್ಟಿನಲ್ಲಿ ಇಜಿಎಫ್‌ಆರ್ ಎಂಬ ಸಾಲಿದ್ದರೆ ಈ ವೇಗ ಅಲ್ಲೇ ಸಿಗುತ್ತದೆ. ಅದು 60ಕ್ಕಿಂತ ಕೆಳಗಿದ್ದರೆ ಎಚ್ಚರ ಬೇಕು, 45ಕ್ಕಿಂತ ಕೆಳಗಿದ್ದರೆ ಹೆಚ್ಚಿನ ಎಚ್ಚರ ಬೇಕು. ಸಕ್ಕರೆ ಕಾಯಿಲೆ ಇದ್ದರೆ ಇದೇ ಅಂಕಿಗೂ ಅಪಾಯ ಇನ್ನಷ್ಟು. ಕುಡಿದ ಪೊಟ್ಯಾಷಿಯಂ ಅನ್ನು ಆ ಕ್ಷಣಕ್ಕೆ ಜೀವಕೋಶದ ಒಳಗೆ ತಳ್ಳಿಡುವುದು ಇನ್ಸುಲಿನ್. ಅದೇ ಕಡಿಮೆಯಾದರೆ ಪೊಟ್ಯಾಷಿಯಂ ರಕ್ತದಲ್ಲೇ ಉಳಿಯುತ್ತದೆ.

ಪೊಟ್ಯಾಷಿಯಂ 3.5ರಿಂದ 5ರೊಳಗಿದ್ದರೆ ನಿಶ್ಚಿಂತೆ. 5 ದಾಟಿ 5.5ರವರೆಗೆ ಇದ್ದರೆ ಕುಡಿಯುವುದನ್ನು ತಿದ್ದಿಕೊಂಡು ವೈದ್ಯರು ಹೇಳಿದಂತೆ ಮತ್ತೆ ಪರೀಕ್ಷೆ ಮಾಡಿಸಬೇಕು. 5.5 ದಾಟಿದರೆ ವೈದ್ಯರಿಗೆ ಬೇಗ ತಿಳಿಸಬೇಕು. 6 ಮುಟ್ಟಿದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಆ ಮಟ್ಟದಲ್ಲಿ ಮಾತ್ರೆ ಮುಂದುವರಿಸಬೇಕೇ ಎಂಬುದನ್ನೇ ಅವರು ತೀರ್ಮಾನಿಸಬೇಕಾಗುತ್ತದೆ. 6.5 ಅಂದರೆ ತುರ್ತು, ತೊಂದರೆ ಏನೂ ಕಾಣದಿದ್ದರೂ ಸರಿ.

ಹಂತ 3: ಲೋಟದಲ್ಲಿ ಎಷ್ಟಿದೆ ಎಂದು ಅಳೆಯಿರಿ

ಎಳನೀರಿನಿಂದಲೇ ಶುರುಮಾಡೋಣ. ಕುಶಾಲನಗರದ ಕಡೆ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಒಂದು ಎಳನೀರಿನಲ್ಲಿ ಕಾಲು ಲೀಟರು ನೀರಾದರೂ ಸಿಗುತ್ತದೆ. ನೂರು ಮಿಲಿಲೀಟರಿಗೆ ಸುಮಾರು 250 ಮಿಲಿಗ್ರಾಂ ಪೊಟ್ಯಾಷಿಯಂ. ಕಾಯಿಯಿಂದ ಕಾಯಿಗೆ ಬದಲಾಗುತ್ತದೆ, ಆದರೆ ಒಂದು ಎಳನೀರಿಗೆ 600 ಮಿಲಿಗ್ರಾಂ ಎಂದಿಟ್ಟುಕೊಂಡರೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಈ 600 ದೊಡ್ಡದೋ ಚಿಕ್ಕದೋ ಗೊತ್ತಾಗಬೇಕಾದರೆ ಇದನ್ನು ನೋಡಿ. ನಮ್ಮ ಮೈಯಲ್ಲಿರುವ ಪೊಟ್ಯಾಷಿಯಂ ಪೈಕಿ ನೂರಕ್ಕೆ ತೊಂಬತ್ತೆಂಟು ಪಾಲು ಜೀವಕೋಶಗಳ ಒಳಗೇ ಇರುತ್ತದೆ. ರಕ್ತದ ನೀರಿನ ಭಾಗ ಸುಮಾರು ಮೂರು ಲೀಟರು, ಅದರಲ್ಲಿ ಒಟ್ಟಾರೆ ಇರುವುದು 500 ಮಿಲಿಗ್ರಾಂ ಆಸುಪಾಸು. ಒಂದು ಎಳನೀರಿನಲ್ಲಿ ಅದಕ್ಕಿಂತ ಹೆಚ್ಚಿದೆ! ಆದರೂ ಎಳನೀರು ಕುಡಿದವರಿಗೆ ಏನೂ ಆಗುವುದಿಲ್ಲವೇಕೆ? ಇನ್ಸುಲಿನ್ ಅದನ್ನು ತಕ್ಷಣ ಕೋಶದೊಳಗೆ ಸೇರಿಸುತ್ತದೆ, ಮುಂದಿನ ಕೆಲವು ಗಂಟೆಗಳಲ್ಲಿ ಕಿಡ್ನಿ ನಿಧಾನವಾಗಿ ಹೊರಗೆ ಹಾಕುತ್ತದೆ. ಸಕ್ಕರೆ ಕಾಯಿಲೆ ಮೊದಲನೆಯದನ್ನು ಕುಂದಿಸಬಹುದು, ಪ್ರಿಲ್ ಮಾತ್ರೆ ಮತ್ತು ಸೊರಗಿದ ಕಿಡ್ನಿ ಎರಡನೆಯದನ್ನು ಕುಂದಿಸುತ್ತವೆ. ಆಗ ಉಳಿಯುವುದು ರಕ್ತದಲ್ಲಿ.

ಕಿತ್ತಳೆ ನಮ್ಮ ಕೊಡಗಿನ ಹೆಸರು ಹೊತ್ತ ಹಣ್ಣು, ಬಿಡು ಎಂದರೆ ಯಾರಿಗೂ ಮನಸ್ಸು ಬರುವುದಿಲ್ಲ. ಬಿಡಬೇಕಾಗಿಯೂ ಇಲ್ಲ. ಒಂದು ಹಣ್ಣು ಸುಲಿದು ತಿನ್ನುವುದಕ್ಕೂ ಮೂರು ನಾಲ್ಕು ಹಣ್ಣು ಹಿಂಡಿ ಒಂದು ಲೋಟ ರಸ ಕುಡಿಯುವುದಕ್ಕೂ ವ್ಯತ್ಯಾಸವಿದೆ. 200 ಮಿಲಿಲೀಟರು ಕಿತ್ತಳೆ ರಸದಲ್ಲಿ ಸುಮಾರು 400 ಮಿಲಿಗ್ರಾಂ. ಇನ್ನೂ ಭಾರವಾದದ್ದು ಬೆಣ್ಣೆಹಣ್ಣಿನ ಮಿಲ್ಕ್‌ಶೇಕ್. ನೂರು ಗ್ರಾಂ ತಿರುಳಿಗೆ 480ರಷ್ಟು, ಅದಕ್ಕೆ ಒಂದು ಲೋಟ ಹಾಲಿನ 300 ಸೇರಿಸಿ. ಒಂದೇ ಲೋಟಕ್ಕೆ 800 ಹತ್ತಿರ, ಎಳನೀರಿಗಿಂತಲೂ ಹೆಚ್ಚು. ತೋಟದಲ್ಲಿ ಬಿದ್ದು ಹಾಳಾಗುತ್ತವೆ ಎಂದು ಹಣ್ಣಿನ ಕಾಲದಲ್ಲಿ ದಿನಕ್ಕೆರಡು ಹೊತ್ತು ಇದನ್ನೇ ಕುಡಿಯುವ ಮನೆಗಳು ನಮ್ಮಲ್ಲಿವೆ.

ಹುರುಳಿ ಬೇಯಿಸಿದ ಕಟ್ಟಿನದೂ ಇದೇ ಕಥೆ. ಕಾಳು ಬೇಯುವಾಗ ಅದರ ಪೊಟ್ಯಾಷಿಯಂ ನೀರಿಗೆ ಇಳಿಯುತ್ತದೆ. ಆ ಕಟ್ಟನ್ನು ಬತ್ತಿಸಿ ಸಾರು ಮಾಡಿ ಲೋಟದಲ್ಲಿ ಕುಡಿದರೆ ಇಳಿದದ್ದೆಲ್ಲ ಹೊಟ್ಟೆಗೆ ಬರುತ್ತದೆ.

ಇನ್ನು ಹೆದರಬೇಕಿಲ್ಲದವು. ಬೆಲ್ಲದ ಕಾಫಿ ಬಿಡಿಸಬೇಕೇ ಎಂದು ಕೇಳುವವರು ತುಂಬ. ಹಾಲಿಲ್ಲದ ಒಂದು ಸಣ್ಣ ಲೋಟ ಕಾಫಿಯಲ್ಲಿ 75 ಮಿಲಿಗ್ರಾಂ ಆಸುಪಾಸು, ಡಿಕಾಕ್ಷನ್ ಗಟ್ಟಿಯಾದರೆ ಇನ್ನಷ್ಟು. ಬೆಲ್ಲದಲ್ಲಿ ಸಕ್ಕರೆಗಿಂತ ಹೆಚ್ಚು ಪೊಟ್ಯಾಷಿಯಂ ಇದೆಯಾದರೂ ಲೋಟಕ್ಕೆ ಹಾಕುವ ಚೂರು ಬೆಲ್ಲದ ಲೆಕ್ಕ ದೊಡ್ಡದಲ್ಲ. ದಿನಕ್ಕೆ ಎರಡು ಲೋಟದವರು ತಲೆ ಕೆಡಿಸಿಕೊಳ್ಳಬೇಡಿ. ಸಕ್ಕರೆ ಕಾಯಿಲೆಗೆ ಬೆಲ್ಲ ಬೇಡ ಎಂಬುದು ಬೇರೆ ಮಾತು. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಹಾಕಿ ಕಡೆದ ತೆಳು ಮಜ್ಜಿಗೆಯ ಒಂದು ಲೋಟಕ್ಕೆ 75ರಿಂದ 100. ಒಂದು ನಿಂಬೆಹಣ್ಣಿನ ರಸಕ್ಕೆ 40ರೊಳಗೆ. ಸೆಕೆಗೆ ಈ ಎರಡಕ್ಕಿಂತ ಒಳ್ಳೆಯ ಪಾನೀಯ ಪ್ರಿಲ್ ಮಾತ್ರೆಯವರಿಗೆ ಸಿಗಲಾರದು.

ಆದರೆ ಅದಕ್ಕೆ ಹಾಕುವ ಉಪ್ಪು ಯಾವುದು?

ಹಂತ 4: ಉಪ್ಪಿನ ಪ್ಯಾಕೆಟ್ಟಿನ ಹಿಂಭಾಗ ಓದಿ

ದೊಡ್ಡಪ್ಪನ ಮನೆಯಲ್ಲಿ ನನಗೆ ಹೆಚ್ಚು ದಿಗಿಲಾದದ್ದು ಇಲ್ಲೇ. ದೊಡ್ಡಮ್ಮ ಉಪ್ಪಿನ ಡಬ್ಬಿ ತಂದು ಮುಂದಿಟ್ಟು ಹೆಮ್ಮೆಯಿಂದಲೇ ಹೇಳಿದರು: "ಇವರಿಗೆ ಬಿಪಿ ಅಲ್ವಾ, ಅದಕ್ಕೆ ದುಬಾರಿಯಾದ್ರೂ ಪರವಾಗಿಲ್ಲ ಅಂತ ಸೋಡಿಯಂ ಕಡಿಮೆ ಇರೋ ಉಪ್ಪು ತರಿಸ್ತಾ ಇದ್ದೇನೆ. ಮಜ್ಜಿಗೆಗೆಲ್ಲ ಅದನ್ನೇ ಹಾಕೋದು." ಪ್ಯಾಕೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರದಲ್ಲಿ ಪೊಟ್ಯಾಷಿಯಂ ಕ್ಲೋರೈಡ್ ಎಂದಿತ್ತು.

ಇಂಥ ಉಪ್ಪಿನಲ್ಲಿ ಸೋಡಿಯಂ ಉಪ್ಪಿನ ಒಂದು ಪಾಲು ತೆಗೆದು ಆ ಜಾಗಕ್ಕೆ ಪೊಟ್ಯಾಷಿಯಂ ಉಪ್ಪು ಸೇರಿಸಿರುತ್ತಾರೆ. ಒಂದು ಗ್ರಾಂ ಪೊಟ್ಯಾಷಿಯಂ ಕ್ಲೋರೈಡಿನಲ್ಲಿ 520 ಮಿಲಿಗ್ರಾಂ ಪೊಟ್ಯಾಷಿಯಂ ಇದೆ. ನೂರಕ್ಕೆ ಮೂವತ್ತು ಪಾಲು ಅದೇ ಇರುವ ಉಪ್ಪಾದರೆ ಅರ್ಧ ಟೀ ಚಮಚ, ಅಂದರೆ ಸುಮಾರು ಮೂರು ಗ್ರಾಂ, ಹಾಕಿದಾಗ 470 ಮಿಲಿಗ್ರಾಂ ಹೊಟ್ಟೆಗೆ ಹೋಗುತ್ತದೆ. ರುಚಿಯಲ್ಲಿ ಗೊತ್ತಾಗುವುದಿಲ್ಲ, ಬಣ್ಣದಲ್ಲಿ ಗೊತ್ತಾಗುವುದಿಲ್ಲ. ಆರೋಗ್ಯವಂತರಿಗೆ ಇದು ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪು ಬಳಸಬಹುದು ಎಂದು ಸಲಹೆ ಕೊಟ್ಟಿತು. ಅದೇ ಸಲಹೆಯಲ್ಲಿ, ಕಿಡ್ನಿ ದುರ್ಬಲವಾದವರನ್ನೂ ಪೊಟ್ಯಾಷಿಯಂ ಹೊರಹೋಗಲು ಬೇರೆ ಕಾರಣದಿಂದ ಅಡ್ಡಿ ಇರುವವರನ್ನೂ ಹೊರಗಿಟ್ಟಿದೆ. ಪ್ರಿಲ್ ನುಂಗುವವರು ವೈದ್ಯರನ್ನು ಕೇಳದೆ ಈ ಉಪ್ಪು ತರಬಾರದು. ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ, ಹುಳಿಗೆ ನಿಂಬೆಯೋ ಖಾರಕ್ಕೆ ನಮ್ಮದೇ ಕಾಳುಮೆಣಸೋ ಸೇರಿಸಿಕೊಳ್ಳಿ.

ದೊಡ್ಡಪ್ಪನ ಒಂದು ದಿನ

ಅಡಿಗೆಮನೆಯ ಮೇಜಿನ ಮೇಲೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾವು ಹಾಕಿದ ಲೆಕ್ಕ ಇದು. ಬೆಳಿಗ್ಗೆ ಮತ್ತು ಸಂಜೆ ಹಾಲಿನ ಕಾಫಿ, ಎರಡಕ್ಕೆ 300. ಹತ್ತು ಗಂಟೆಗೆ ಮತ್ತು ಮೂರು ಗಂಟೆಗೆ ಒಂದೊಂದು ಎಳನೀರು, 1,200. ಮಧ್ಯಾಹ್ನ ಎರಡು ಲೋಟ ಮಜ್ಜಿಗೆ, ಮೊಸರಿನಿಂದ 150. ಆ ಮಜ್ಜಿಗೆಗೂ ಊಟಕ್ಕೂ ಸೇರಿ ಅರ್ಧ ಚಮಚ ಆ ಉಪ್ಪು, 470. ಸಂಜೆ ಮೊಮ್ಮಗ ಮಾಡಿಕೊಡುವ ಕಿತ್ತಳೆ ರಸ, 400. ಕೂಡಿಸಿದರೆ 2,520 ಮಿಲಿಗ್ರಾಂ. ಅನ್ನ, ಸಾರು, ಪಲ್ಯ, ಬಾಳೆಹಣ್ಣಿನ ಲೆಕ್ಕ ಇನ್ನೂ ಬಂದಿಲ್ಲ. ಪೊಟ್ಯಾಷಿಯಂ ಏರಿದ ಕಿಡ್ನಿ ರೋಗಿಗಳಿಗೆ ಊಟ ಮತ್ತು ಪಾನೀಯ ಎರಡೂ ಸೇರಿ ದಿನಕ್ಕೆ 2,000ದಿಂದ 3,000ದೊಳಗೆ ಇರಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇವರು ಬರಿಯ ಲೋಟಗಳಲ್ಲೇ ಅಷ್ಟು ಮುಗಿಸುತ್ತಿದ್ದರು.

ಜನವರಿಯಲ್ಲಿ ಇದೇ ಮನುಷ್ಯ ಕುಡಿಯುತ್ತಿದ್ದದ್ದು ಎರಡು ಕಾಫಿ ಮತ್ತು ಮಾಮೂಲಿ ಉಪ್ಪಿನ ಮಜ್ಜಿಗೆ, 450. ಬೇಸಿಗೆ ಬಂದ ಮೇಲೆ ದಿನಕ್ಕೆ 2,000ದಷ್ಟು ಏರಿತು. ಅದೂ ಆರೋಗ್ಯಕ್ಕೆ ಒಳ್ಳೆಯದೆಂದು ನಂಬಿ ಸೇರಿಸಿಕೊಂಡದ್ದು. ಮನೆಯವರ ಪ್ರೀತಿಯೇ ಒಂದೊಂದು ಲೋಟವಾಗಿ ಬರುತ್ತಿತ್ತು ಎಂದು ಯೋಚಿಸಿದಾಗ ನನಗೆ ಸಂಕಟವಾಯಿತು.

ನೀವೂ ಹೀಗೇ ಮಾಡಿ. ಮೂರು ದಿನ, ಕುಡಿದ ಪ್ರತಿಯೊಂದನ್ನೂ ಕುಡಿದ ಕೂಡಲೇ ಬರೆದಿಡಿ. ನೆನಪಿನಿಂದ ಬರೆದರೆ ನೆಂಟರ ಮನೆಯಲ್ಲಿ ಕುಡಿದದ್ದು ಬಿಟ್ಟುಹೋಗುತ್ತದೆ. ಆ ಹಾಳೆಯನ್ನು ರಿಪೋರ್ಟಿನ ಜೊತೆ ವೈದ್ಯರಿಗೆ ತೋರಿಸಿ.

ಹಂತ 5: ಜೊತೆಗೂಡುವ ಮಾತ್ರೆಗಳು

ಪಾನೀಯಗಳಷ್ಟರಿಂದಲೇ 6.3 ಆಗಿತ್ತೇ? ಇಲ್ಲ. ದೊಡ್ಡಪ್ಪನ ಅಂಗಿ ಜೇಬಿನಲ್ಲಿ ಇನ್ನೊಂದು ಮಾತ್ರೆ ಹಾಳೆ ಇತ್ತು, ಡೈಕ್ಲೊಫಿನಾಕ್. ಮಂಡಿನೋವಿಗೆ ಒಂದು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ಹನ್ನೆರಡು ದಿನದಿಂದ ನುಂಗುತ್ತಿದ್ದರು. ಕ್ರಿಯೇಟಿನಿನ್ 1.5ರಿಂದ 2.1ಕ್ಕೆ ಹತ್ತಿತ್ತು. ಡೈಕ್ಲೊಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕುಗ್ಗಿಸುತ್ತವೆ. ಪ್ರಿಲ್ ಮಾತ್ರೆ ಅರ್ಧ ಮುಚ್ಚಿದ ಬಾಗಿಲನ್ನು ಇವು ಇನ್ನಷ್ಟು ತಳ್ಳುತ್ತವೆ. ಬೇಸಿಗೆಯಲ್ಲಿ ಬೆವರಿ ಮೈಯ ನೀರು ಇಳಿದಿದ್ದರೆ ಮತ್ತೂ ಕೆಟ್ಟದು. ನೋವಿಗೆ ಯಾವ ಮಾತ್ರೆ ಎಂದು ವೈದ್ಯರನ್ನೇ ಕೇಳಿ. ಅವರು ಹೆಚ್ಚಾಗಿ ಪ್ಯಾರಾಸಿಟಮಾಲ್ ಹೇಳುತ್ತಾರೆ, ಎಷ್ಟು ಎಂಬುದನ್ನೂ ಅವರೇ ಹೇಳಲಿ.

ಇನ್ನೆರಡು ಹೆಸರು ನೆನಪಿಡಿ. ಉರಿಮೂತ್ರಕ್ಕೆ ಕೊಡುವ ಕೋ-ಟ್ರೈಮಾಕ್ಸಜೋಲ್ ಪೊಟ್ಯಾಷಿಯಂ ಏರಿಸುತ್ತದೆ. ಹೃದಯ ಸೋತವರಿಗೆ ಪ್ರಿಲ್ ಜೊತೆಗೆ ಸ್ಪೈರೊನೊಲ್ಯಾಕ್ಟೋನ್ ಕೊಡುವುದುಂಟು, ಅದೂ ಪೊಟ್ಯಾಷಿಯಂ ಏರಿಸುತ್ತದೆ. ಅದರಿಂದ ಜೀವ ಉಳಿಯುತ್ತದೆ ಎಂದು 1999ರಲ್ಲಿ ಒಂದು ದೊಡ್ಡ ಅಧ್ಯಯನ ತೋರಿಸಿದ ಮೇಲೆ ವೈದ್ಯರು ಅದನ್ನು ಹೆಚ್ಚು ಬರೆಯತೊಡಗಿದರು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಪ್ರಿಲ್ ನುಂಗುತ್ತಿದ್ದ ಇಂಥ ಹಿರಿಯರ ಪೈಕಿ ಪೊಟ್ಯಾಷಿಯಂ ಏರಿ ಆಸ್ಪತ್ರೆ ಸೇರಿದವರು 1994ರಲ್ಲಿ ಸಾವಿರಕ್ಕೆ 2.4 ಇದ್ದದ್ದು 2001ರಲ್ಲಿ 11 ಆಯಿತು. ಮಾತ್ರೆ ಒಳ್ಳೆಯದೇ, ರಕ್ತ ಪರೀಕ್ಷೆ ಮತ್ತು ಊಟದ ಎಚ್ಚರ ಅದರ ಜೊತೆಗೆ ಹೋಗಲಿಲ್ಲ. ಈ ಜೋಡಿ ನುಂಗುವವರು ಎಳನೀರನ್ನು ವೈದ್ಯರು ಹೇಳಿದರಷ್ಟೇ ಕುಡಿಯುವುದು ಕ್ಷೇಮ.

ಹಂತ 6: ವಾಂತಿಭೇದಿಯ ದಿನ ಬೇರೆ ಲೆಕ್ಕ

ಮಳೆಗಾಲದಲ್ಲಿ ಬಾವಿನೀರು ಕದಡಿದಾಗ ಹೊಟ್ಟೆ ಕೆಡುವುದು ನಮ್ಮಲ್ಲಿ ಸಾಮಾನ್ಯ. ಆ ದಿನ ಜನ ಮೂರು ಕೆಲಸ ಮಾಡುತ್ತಾರೆ: ಬಿಪಿ ಮಾತ್ರೆ ತಪ್ಪಿಸಬಾರದೆಂದು ನುಂಗುತ್ತಾರೆ, ಮೈಕೈ ನೋವಿಗೆ ನೋವಿನ ಮಾತ್ರೆ ನುಂಗುತ್ತಾರೆ, ಶಕ್ತಿಗೆಂದು ಎಳನೀರು ಕುಡಿಯುತ್ತಾರೆ. ಮೈಯ ನೀರು ಇಳಿದಾಗ ಕಿಡ್ನಿ ಮೂತ್ರವನ್ನೇ ಕಡಿಮೆ ಮಾಡುತ್ತದೆ. ಪೊಟ್ಯಾಷಿಯಂ ಹೋಗಲು ದಾರಿ ಇರುವುದಿಲ್ಲ.

ಇದಕ್ಕೆ ಮುಂಚೆಯೇ ತಯಾರಾಗಬೇಕು. ಮುಂದಿನ ಬಾರಿ ವೈದ್ಯರನ್ನು ಕಂಡಾಗ ಒಂದು ಪ್ರಶ್ನೆ ಕೇಳಿ: "ವಾಂತಿಭೇದಿ ಆಗಿ ಏನೂ ಕುಡಿಯೋಕೆ ಆಗದಿದ್ದರೆ ಈ ಮಾತ್ರೆ ಆ ದಿನ ನಿಲ್ಲಿಸಬೇಕಾ? ಮತ್ತೆ ಯಾವಾಗ ಶುರು ಮಾಡಬೇಕು?" ಇಂಥ ದಿನಗಳಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಸರಿಯಾಗಿ ಉಣ್ಣತೊಡಗಿ ಒಂದೆರಡು ದಿನವಾದ ಮೇಲೆ ಶುರುಮಾಡಿ ಎಂದು ಅನೇಕ ವೈದ್ಯರು ಹೇಳುತ್ತಾರೆ. ಹೃದಯ ಸೋತವರಿಗೆ ಉತ್ತರ ಬೇರೆ ಇರಬಹುದು. ಏನೇ ಹೇಳಲಿ, ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ.

ಓಆರ್‌ಎಸ್ ಕುಡಿಯಬಹುದೇ? ಭೇದಿ ಆಗುತ್ತಿದ್ದರೆ ಕುಡಿಯಬೇಕು. ಒಂದು ಲೀಟರು ಓಆರ್‌ಎಸ್‌ನಲ್ಲಿ 780 ಮಿಲಿಗ್ರಾಂ ಪೊಟ್ಯಾಷಿಯಂ ಇದೆ, ಎಳನೀರಿನ ಮೂರನೇ ಒಂದು ಪಾಲಿಗಿಂತ ಕಡಿಮೆ, ಮತ್ತು ಭೇದಿಯಲ್ಲಿ ಹೋದ ಸೋಡಿಯಂ ಅದರಲ್ಲಿ ಸಾಕಷ್ಟಿದೆ. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಷಿಯಂ ಹೆಚ್ಚು. ಆದ್ದರಿಂದ ಓಆರ್‌ಎಸ್‌ಗೆ ಬದಲು ಎಳನೀರು ಅನ್ನುವ ಮಾತು ಪ್ರಿಲ್ ನುಂಗುವವರಿಗೆ ಒಪ್ಪುವುದಿಲ್ಲ. ಹಾಗೆಯೇ ಭೇದಿಯಿಲ್ಲದೆ, ಬರಿಯ ಸುಸ್ತಿಗೆ ದಿನಾ ಓಆರ್‌ಎಸ್ ಕುಡಿಯುವ ಅಭ್ಯಾಸವೂ ಬೇಡ.

ಹಂತ 7: ಗುರುತು ಹಿಡಿಯುವುದು

ಪೊಟ್ಯಾಷಿಯಂ ಏರಿದ್ದು ಮೈಗೆ ಗೊತ್ತಾಗದೇ ಇರುವುದೇ ಹೆಚ್ಚು. ಗೊತ್ತಾದಾಗ ತೊಡೆ ಮತ್ತು ಕಾಲಿನ ಸ್ನಾಯು ಸೋಲುತ್ತವೆ, ಕೂತಲ್ಲಿಂದ ಏಳಲು ಕೈ ಊರಬೇಕಾಗುತ್ತದೆ. ಹೊಟ್ಟೆ ತೊಳಸುತ್ತದೆ. ಎದೆ ಒಮ್ಮೊಮ್ಮೆ ತಪ್ಪಿ ಬಡಿದಂತೆ ಅನ್ನಿಸುತ್ತದೆ, ನಾಡಿ ನಿಧಾನವಾಗಬಹುದು. ಕೊನೆಯ ಹಂತದಲ್ಲಿ ಹೃದಯ ನಿಂತೇ ಹೋಗಬಹುದು. ಇದೆಲ್ಲ ಸೆಕೆಯ ಸುಸ್ತಿನಂತೆಯೇ ಕಾಣುವುದರಿಂದ ಜನ ಇನ್ನೊಂದು ಎಳನೀರು ಕೆತ್ತಿಸುತ್ತಾರೆ, ದೊಡ್ಡಪ್ಪ ಮಾಡಿದ್ದೂ ಅದನ್ನೇ.

ಪ್ರಿಲ್ ನುಂಗುವವರಿಗೆ ಕಾಲು ಸೋತರೆ, ನಾಡಿ ತಪ್ಪಿದರೆ, ತಲೆ ಸುತ್ತಿ ಬೀಳುವಂತಾದರೆ ರಕ್ತದ ರಿಪೋರ್ಟಿಗೆ ಕಾಯಬೇಡಿ. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ಸ್ವಂತ ಗಾಡಿ ಓಡಿಸಿಕೊಂಡು ಹೋಗಬೇಡಿ, 108ಕ್ಕೆ ಕರೆ ಮಾಡಿ. ಹೋದ ಕೂಡಲೇ "ಎನಲಾಪ್ರಿಲ್ ತಗೋತಾರೆ, ಎಳನೀರು ಜಾಸ್ತಿ ಕುಡಿದಿದ್ದಾರೆ, ಪೊಟ್ಯಾಷಿಯಂ ನೋಡಿ" ಎಂದು ಬಾಯಿಬಿಟ್ಟು ಹೇಳಿ. ಆ ಒಂದು ವಾಕ್ಯದಿಂದ ಅವರಿಗೆ ಅರ್ಧ ಗಂಟೆ ಉಳಿಯುತ್ತದೆ.

ದೊಡ್ಡಪ್ಪನ ಇಸಿಜಿಯಲ್ಲಿ ಟಿ ಅಲೆಗಳು ಟೆಂಟಿನಂತೆ ಚೂಪಾಗಿ ಎದ್ದಿದ್ದವು. ಮಡಿಕೇರಿಯಲ್ಲಿ ದಾಖಲು ಮಾಡಿಕೊಂಡು ಮೊದಲು ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟರು. ಅದು ಪೊಟ್ಯಾಷಿಯಂ ಇಳಿಸುವುದಿಲ್ಲ, ಹೃದಯವನ್ನು ಅರ್ಧ ಗಂಟೆ ಒಂದು ಗಂಟೆ ಕಾಪಾಡುತ್ತದೆ ಅಷ್ಟೇ. ಆಮೇಲೆ ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಟ್ಟು ಪೊಟ್ಯಾಷಿಯಂ ಅನ್ನು ಕೋಶದೊಳಗೆ ಕಳಿಸಿದರು, ಉಬ್ಬಸದವರಿಗೆ ಕೊಡುವಂಥ ಸಾಲ್ಬ್ಯುಟಮಾಲ್ ಹೊಗೆಯನ್ನೂ ಕೊಟ್ಟರು. ಎನಲಾಪ್ರಿಲ್ ಮತ್ತು ನೋವಿನ ಮಾತ್ರೆ ನಿಲ್ಲಿಸಿದರು. ಮರುದಿನ 5.2. ಡಯಾಲಿಸಿಸ್ ಬೇಕಾಗಲಿಲ್ಲ.

ಸುಳ್ಳು ಅಂಕಿ

ನನ್ನ ಕಸುಬಿನ ಮಾತೊಂದು ಹೇಳಲೇಬೇಕು. ಪೊಟ್ಯಾಷಿಯಂ ಹೆಚ್ಚೆಂದು ಬಂದ ರಿಪೋರ್ಟುಗಳೆಲ್ಲ ನಿಜವಲ್ಲ. ರಕ್ತಕಣದ ಒಳಗೆ ಪೊಟ್ಯಾಷಿಯಂ ತುಂಬಿರುವುದರಿಂದ ಕಣ ಒಡೆದರೆ ಅದು ಹೊರಗೆ ಚೆಲ್ಲುತ್ತದೆ. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ, ಸಣ್ಣ ಸೂಜಿಯಿಂದ ಜಗ್ಗಿ ಎಳೆದರೆ ಹೀಗಾಗುತ್ತದೆ. ಮುಷ್ಟಿಯನ್ನು ಮತ್ತೆ ಮತ್ತೆ ಹಿಂಡಿಸಿದರೆ ತೋಳಿನ ಸ್ನಾಯುವಿನಿಂದಲೂ ಪೊಟ್ಯಾಷಿಯಂ ರಕ್ತಕ್ಕೆ ಇಳಿಯುತ್ತದೆ. ನೇರಳೆ ಮುಚ್ಚಳದ ಟ್ಯೂಬಿನೊಳಗಿನ ರಾಸಾಯನಿಕವೇ ಪೊಟ್ಯಾಷಿಯಂ ಲವಣ, ಅದರ ಒಂದು ಹನಿ ಬೆರೆತರೂ ಅಂಕಿ ಮೇಲೇರುತ್ತದೆ.

ನಮ್ಮ ಜಿಲ್ಲೆಗೆ ಹೆಚ್ಚು ಅನ್ವಯಿಸುವುದು ಸಾಗಾಟ. ಸಣ್ಣ ಊರಿನಲ್ಲಿ ರಕ್ತ ತೆಗೆದು ದೂರದ ಲ್ಯಾಬಿಗೆ ಕಳಿಸುತ್ತಾರೆ. ಮಳೆಗೆ ರಸ್ತೆಯ ಮೇಲೆ ಮಣ್ಣು ಜರಿದರೆ ಮಾದರಿ ಗಂಟೆಗಟ್ಟಲೆ ಕಾಯುತ್ತದೆ. ಕೆಡದಿರಲಿ ಎಂದು ಅದನ್ನು ಫ್ರಿಜ್ಜಿನಲ್ಲಿಟ್ಟರೆ ಇನ್ನೂ ತಪ್ಪು. ತಣ್ಣಗಾದ ಕಣಗಳು ಪೊಟ್ಯಾಷಿಯಂ ಅನ್ನು ಒಳಗೆ ಹಿಡಿದಿಡಲಾರವು. ಆದ್ದರಿಂದ ರಕ್ತ ಕೊಡುವಾಗ "ಸೀರಂ ಇಲ್ಲೇ ಬೇರೆ ಮಾಡ್ತೀರಾ?" ಎಂದು ಕೇಳಿ. ಸೀರಂ ಅಂದರೆ ಕಣಗಳನ್ನು ತೆಗೆದ ಮೇಲೆ ಉಳಿಯುವ ರಕ್ತದ ನೀರಿನ ಭಾಗ. ಒಂದೆರಡು ಗಂಟೆಯೊಳಗೆ ಅದನ್ನು ಬೇರ್ಪಡಿಸುವ ಕಡೆಯೇ ಈ ಪರೀಕ್ಷೆ ಮಾಡಿಸಿ. ಮುಷ್ಟಿ ಹಿಂಡಬೇಡಿ, ಸುಮ್ಮನೆ ಮುಚ್ಚಿ ಹಿಡಿಯಿರಿ.

ಹಾಗೆಂದು ಅನಿರೀಕ್ಷಿತವಾಗಿ 6 ಬಂದಾಗ 'ಲ್ಯಾಬಿನ ತಪ್ಪಿರಬೇಕು' ಎಂದು ಮನೆಯಲ್ಲಿ ಕೂರಬಾರದು. ಇಸಿಜಿ ಮಾಡಿಸಿಕೊಂಡು, ಅದೇ ದಿನ ಹೊಸ ರಕ್ತದಲ್ಲಿ ಮತ್ತೊಮ್ಮೆ ನೋಡಬೇಕು. ದೊಡ್ಡಪ್ಪನದನ್ನು ನಾನು ಇನ್ನೊಂದು ತೋಳಿನಿಂದ, ಪಟ್ಟಿ ಸಡಿಲವಿಟ್ಟು ಮತ್ತೆ ತೆಗೆದಿದ್ದೆ. 6.2 ಬಂತು.

ಈಗ

ಮೂರು ವಾರದ ನಂತರ ಕ್ರಿಯೇಟಿನಿನ್ 1.5ಕ್ಕೆ ಮರಳಿದಾಗ ವೈದ್ಯರು ಎನಲಾಪ್ರಿಲ್ ಅನ್ನು ಮೊದಲಿನ ಅರ್ಧ ಡೋಸಿನಲ್ಲಿ ಮತ್ತೆ ಶುರುಮಾಡಿದರು. ಹತ್ತನೆಯ ದಿನಕ್ಕೆ ಪೊಟ್ಯಾಷಿಯಂ 4.8. ಸೋಡಿಯಂ ಕಡಿಮೆಯ ಉಪ್ಪನ್ನು ದೊಡ್ಡಮ್ಮ ಆರೋಗ್ಯವಾಗಿರುವ ಮಗನ ಮನೆಗೆ ಕಳಿಸಿದರು. ಹತ್ತು ಗಂಟೆಗೆ ತೆಳು ಮಜ್ಜಿಗೆ, ಮೂರು ಗಂಟೆಗೆ ನಿಂಬೆ ನೀರು. ಕಿತ್ತಳೆ ಸುಲಿದೇ ತಿನ್ನುವುದು, ದಿನಕ್ಕೊಂದು. ಎಳನೀರು ವಾರಕ್ಕೊಂದು, ವೈದ್ಯರು ಒಪ್ಪಿದ ಲೆಕ್ಕದಂತೆ, ಅದರಲ್ಲೂ ಅರ್ಧ ಮೊಮ್ಮಗನಿಗೆ. ಮಳೆ ಶುರುವಾಗುವ ಮೊದಲು, ರಸ್ತೆ ಸರಿಯಿರುವಾಗಲೇ ಇನ್ನೊಮ್ಮೆ ರಕ್ತ ಕೊಡಬೇಕೆಂದು ಕ್ಯಾಲೆಂಡರಿನಲ್ಲಿ ಮೇ ಕೊನೆಯ ವಾರದ ಒಂದು ದಿನಕ್ಕೆ ಅವರೇ ಕೆಂಪು ಸುತ್ತು ಹಾಕಿಟ್ಟಿದ್ದಾರೆ.